ಶಾರ್ಪ್ ಮೂರು ಇದ್ರೆ ಅಕೌಂಟ್ ಸೇಫಾ? ದಿನದ ಈಕ್ವಿಟಿ ಲೆಕ್ಕ ಮತ್ತೆ ಇನ್ನೂ ಬರದೇ ಇರೋ ಆ ಒಂದು ದಿನ

ಮಂಡ್ಯದ ಹುಡುಗ ಒಬ್ಬ, ಕ್ರಿಪ್ಟೊ ಟ್ರೇಡ್ ಮಾಡ್ತಾನೆ, ಮೊನ್ನೆ ತನ್ನ ಅಕೌಂಟಿನ ಸ್ಕ್ರೀನ್‌ಶಾಟ್ ಕಳಿಸಿ "ಅಣ್ಣ ನೋಡು, ನೂರು ದಿನ ಆಯ್ತು, ಶಾರ್ಪ್ 3.1 ಐತೆ ಸಾರ್ಟಿನೊ 4.2 ಐತೆ, ಇನ್ನು ಜಾಸ್ತಿ ದುಡ್ಡು ಹಾಕ್ಬೋದಲ್ವಾ" ಅಂತ ಕೇಳ್ದ. ಮೈಸೂರಲ್ಲಿ ನಮ್ ಗುಂಪಿನಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇರುತ್ತೆ, ಅದಕ್ಕೆ ರಿಸ್ಕಿಗೆ ತಕ್ಕ ಲಾಭ ಬಂತಾ ಅಂತ ಅಳೆಯೋ ಈ ಎರಡು ನಂಬರ್ ಹೇಗೆ ಹುಟ್ಟುತ್ತೆ, ಏನ್ ಹೇಳುತ್ತೆ, ಯಾವುದನ್ನ ಹೇಳಕ್ಕೆ ಆಗೋದೇ ಇಲ್ಲ ಅನ್ನೋದನ್ನ ಅವನ ಅಕೌಂಟನ್ನೇ ಇಟ್ಕೊಂಡು ಬಿಡಿಸಿ ಬರೀತಿದೀನಿ. ಲೆಕ್ಕ ಕೈಯಲ್ಲೇ ಮಾಡಕ್ಕೆ ಆಗ್ಲಿ ಅಂತ ಅವನ ನಂಬರ್‌ಗಳನ್ನ ರೌಂಡ್ ಮಾಡಿದೀನಿ: ಶುರುವಲ್ಲಿ 2,00,000 ರೂಪಾಯಿ, ನೂರು ದಿನದಲ್ಲಿ 70 ದಿನ ತಲಾ 0.6 ಪರ್ಸೆಂಟ್ ಲಾಭ, 30 ದಿನ ತಲಾ 1 ಪರ್ಸೆಂಟ್ ನಷ್ಟ. ಕೊನೆಗೆ ಅಕೌಂಟಲ್ಲಿ ಸುಮಾರು 2,24,900 ರೂಪಾಯಿ ಇದೆ. ಅವನು ಮಾಡೋದು ಏನಪ್ಪಾ ಅಂದ್ರೆ ರೇಟ್ ಸ್ವಲ್ಪ ಬಿದ್ದಾಗ ಕೊಳ್ಳೋದು, ಎದ್ದಾಗ ಮಾರೋದು. ಸಾಮಾನ್ಯವಾಗಿ ಅಕೌಂಟಿನ 80 ಪರ್ಸೆಂಟ್ ದುಡ್ಡು ಕಾಯಿನ್‌ಗಳಲ್ಲಿ ಇರುತ್ತೆ, ಮಿಕ್ಕಿದ್ದು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ.

ಮೊದಲು ದಿನದ ರಿಟರ್ನ್ ಹೇಗೆ ತೆಗಿಯೋದು ಅಂತ ನೋಡೋಣ, ಯಾಕಂದ್ರೆ ಅರ್ಧ ತಪ್ಪು ಇಲ್ಲೇ ಆಗಿರುತ್ತೆ. ಕ್ರಿಪ್ಟೊ ಮಾರ್ಕೆಟ್‌ಗೆ ಬಾಗಿಲು ಹಾಕೋ ಟೈಮ್ ಅಂತ ಇಲ್ಲ, ಹಾಗಾಗಿ ದಿನಾ ಒಂದು ಫಿಕ್ಸ್ ಟೈಮಿಗೆ ಈಕ್ವಿಟಿ ಬರೆದಿಟ್ಕೋಬೇಕು. ಹೆಚ್ಚಿನ ಎಕ್ಸ್‌ಚೇಂಜುಗಳ ದಿನದ ಕ್ಯಾಂಡಲ್ ಯುಟಿಸಿ ಮಧ್ಯರಾತ್ರಿಗೆ ಮುಚ್ಚುತ್ತೆ, ನಮಗೆ ಅದು ಬೆಳಗ್ಗೆ 5:30. ಈಕ್ವಿಟಿ ಅಂದ್ರೆ ಬರೀ ವ್ಯಾಲೆಟ್ ಬ್ಯಾಲೆನ್ಸ್ ಅಲ್ಲ, ಇನ್ನೂ ಮುಚ್ಚದೇ ಇರೋ ಪೊಸಿಷನ್‌ಗಳ ಲಾಭ ನಷ್ಟನೂ ಸೇರಿಸಬೇಕು, ಇಲ್ಲಾಂದ್ರೆ ನಷ್ಟದ ಪೊಸಿಷನ್‌ನ ಮುಚ್ಚದೆ ಹಾಗೇ ಹಿಡ್ಕೊಂಡು ಕೂತವನ ಗ್ರಾಫ್ ಯಾವಾಗ್ಲೂ ಮೇಲಕ್ಕೇ ಹೋಗ್ತಾ ಇರುತ್ತೆ. ಆಮೇಲೆ ಹೊರಗಿಂದ ಹಾಕಿದ ದುಡ್ಡು. ಸಂಬಳ ಬಂದ ದಿನ ಎರಡು ಲಕ್ಷದ ಅಕೌಂಟಿಗೆ 20,000 ಹಾಕಿದ್ರೆ ಈಕ್ವಿಟಿ 10 ಪರ್ಸೆಂಟ್ ಏರುತ್ತೆ, ಆದ್ರೆ ಅದು ಟ್ರೇಡಿಂದ ಬಂದ ಲಾಭ ಅಲ್ಲ, ಅದನ್ನ ಕಳೆದೇ ರಿಟರ್ನ್ ತೆಗೀಬೇಕು. ವಿತ್‌ಡ್ರಾ ಮಾಡಿದ್ರೂ ಅಷ್ಟೇ, ಅದನ್ನ ಮೈನಸ್ ಚಿಹ್ನೆ ಹಾಕಿ ಬರೀಬೇಕು.

ಕೆಳಗಿನ ಕೋಡಲ್ಲಿ `equity` ಅನ್ನೋದು ಆ ದಿನದ ಕೊನೆಯ ಈಕ್ವಿಟಿ, `flow` ಅನ್ನೋದು ಆ ದಿನ ಹಾಕಿದ ಅಥವಾ ತೆಗೆದ ದುಡ್ಡು.

```python
import numpy as np
import pandas as pd

d = pd.read_csv("equity.csv")
r = (d["equity"] - d["flow"]) / d["equity"].shift(1) - 1
r = r.dropna()

sharpe = r.mean() / r.std(ddof=0) * np.sqrt(365)
down = np.sqrt((np.minimum(r, 0) ** 2).mean())
sortino = r.mean() / down * np.sqrt(365)
```

ಶಾರ್ಪ್ ಅಂದ್ರೆ ಇಷ್ಟೇ: ದಿನದ ಸರಾಸರಿ ರಿಟರ್ನ್‌ನ ದಿನದ ರಿಟರ್ನ್ ಎಷ್ಟು ಅಲ್ಲಾಡುತ್ತೋ ಅದರಿಂದ ಭಾಗಿಸೋದು. ಅಲ್ಲಾಟ ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್. ನಮ್ಮ ಹುಡುಗನ ಲೆಕ್ಕದಲ್ಲಿ 70 ದಿನದ ಲಾಭ ಕೂಡಿದ್ರೆ 42 ಪರ್ಸೆಂಟ್, 30 ದಿನದ ನಷ್ಟ 30 ಪರ್ಸೆಂಟ್, ಉಳಿದಿದ್ದು 12, ನೂರರಿಂದ ಭಾಗಿಸಿದ್ರೆ ದಿನಕ್ಕೆ 0.12 ಪರ್ಸೆಂಟ್. ಸ್ಟ್ಯಾಂಡರ್ಡ್ ಡೀವಿಯೇಷನ್ 0.733 ಬರುತ್ತೆ. 0.12 ಭಾಗಿಸು 0.733 ಅಂದ್ರೆ 0.164, ಇದು ದಿನದ ಶಾರ್ಪ್. ವರ್ಷದ ನಂಬರ್ ಮಾಡಕ್ಕೆ 365ರ ವರ್ಗಮೂಲ, ಅಂದ್ರೆ 19.1ರಿಂದ ಗುಣಿಸಿದ್ರೆ 3.13. ಷೇರು ಮಾರ್ಕೆಟ್‌ಗೆ 252 ದಿನ ಹಿಡೀತಾರೆ, ಕ್ರಿಪ್ಟೊ ಶನಿವಾರ ಭಾನುವಾರನೂ ಓಡುತ್ತಲ್ಲ ಅದಕ್ಕೆ 365. ಅಸಲಿಗೆ ಸರಾಸರಿಯಿಂದ ರಿಸ್ಕ್ ಇಲ್ಲದ ಬಡ್ಡಿಯನ್ನೂ ಕಳೀಬೇಕು, ಬ್ಯಾಂಕ್ ಎಫ್‌ಡಿ 7 ಪರ್ಸೆಂಟ್ ಅಂತ ಇಟ್ಕೊಂಡು ಕಳೆದ್ರೆ 3.13 ಇದ್ದಿದ್ದು 2.63 ಆಗುತ್ತೆ. ಹೆಚ್ಚಿನ ಕ್ರಿಪ್ಟೊ ಡ್ಯಾಶ್‌ಬೋರ್ಡ್‌ಗಳು ಅದನ್ನ ಸೊನ್ನೆ ಅಂತ ಹಿಡಿಯೋದ್ರಿಂದ ನಾನೂ ಇಲ್ಲಿ ಸೊನ್ನೆನೇ ಇಟ್ಕೊಂಡಿದೀನಿ.

ಸಾರ್ಟಿನೊ ಬಂದಿದ್ದು ಒಂದು ನ್ಯಾಯವಾದ ತಕರಾರಿಂದ. ಮೇಲಕ್ಕೆ ಜಿಗಿದ್ರೂ ಶಾರ್ಪ್ ಅದನ್ನ ಅಲ್ಲಾಟ ಅಂತಲೇ ಲೆಕ್ಕ ಹಾಕುತ್ತೆ, ಲಾಭ ಬಂದ್ರೆ ಯಾರಿಗೂ ಬೇಜಾರಿಲ್ವಲ್ಲ, ಅದನ್ನ ಯಾಕೆ ರಿಸ್ಕ್ ಅನ್ಬೇಕು? ಅದಕ್ಕೆ ಫ್ರಾಂಕ್ ಸಾರ್ಟಿನೊ ಹೆಸರಿನ ಈ ರೇಶಿಯೋದಲ್ಲಿ ಕೆಳಗೆ ನಷ್ಟದ ದಿನಗಳ ಅಲ್ಲಾಟ ಮಾತ್ರ ಇರುತ್ತೆ. ನಷ್ಟದ ದಿನಗಳ ವರ್ಗ ಮಾಡಿ ಕೂಡಿಸಿ, ಒಟ್ಟು ದಿನಗಳಿಂದ ಭಾಗಿಸಿ, ವರ್ಗಮೂಲ ತೆಗೆಯೋದು. ಇಲ್ಲಿ 30 ಭಾಗಿಸು 100, ವರ್ಗಮೂಲ 0.548. ಸರಾಸರಿ 0.12ನ ಇದರಿಂದ ಭಾಗಿಸಿ 19.1ರಿಂದ ಗುಣಿಸಿದ್ರೆ 4.19.

ಇಲ್ಲಿ "ಒಟ್ಟು ದಿನ" ಅನ್ನೋ ಮಾತು ಗಮನ ಇಟ್ಟು ಓದಿ. ತುಂಬಾ ಶೀಟುಗಳಲ್ಲಿ ನಷ್ಟದ 30 ದಿನದಿಂದ ಮಾತ್ರ ಭಾಗಿಸಿರ್ತಾರೆ, ಆಗ ಇದೇ ಅಕೌಂಟಿನ ಸಾರ್ಟಿನೊ 4.2 ಬದಲು 2.3 ಬರುತ್ತೆ. ಇನ್ನು ಕೆಲವರು ನಷ್ಟದ ದಿನಗಳನ್ನ ಬೇರೆ ಎತ್ತಿಟ್ಟು ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೀತಾರೆ, ನಮ್ಮ ಉದಾಹರಣೇಲಿ ಎಲ್ಲಾ ನಷ್ಟನೂ ಒಂದೇ ಸಮ 1 ಪರ್ಸೆಂಟ್ ಇರೋದ್ರಿಂದ ಅದು ಸೊನ್ನೆ ಆಗಿ ಸಾರ್ಟಿನೊ ಅನಂತಕ್ಕೆ ಹೋಗುತ್ತೆ. ಹಾಗಾಗಿ ಇಬ್ಬರ ಸಾರ್ಟಿನೊ ಹೋಲಿಸೋ ಮುಂಚೆ ಇಬ್ಬರೂ ಒಂದೇ ರೀತಿ ಭಾಗಿಸಿದಾರಾ ಅಂತ ಕೇಳ್ಕೊಳ್ಳಿ, ಇಲ್ಲಾಂದ್ರೆ ಆ ಹೋಲಿಕೆಗೆ ಅರ್ಥನೇ ಇಲ್ಲ.

ಸರಿ, 3.1 ಮತ್ತೆ 4.2 ಸರಿಯಾಗೇ ಬಂದಿದೆ ಅಂತ ಆಯ್ತು. ಈಗ ನೂರಾ ಒಂದನೇ ದಿನ ಅಕೌಂಟ್ 9 ಪರ್ಸೆಂಟ್ ಬೀಳುತ್ತೆ ಅಂತ ಇಟ್ಕೊಳ್ಳಿ. ಇದೇನೂ ಪ್ರಳಯ ಅಲ್ಲ. 80 ಪರ್ಸೆಂಟ್ ಕಾಯಿನ್‌ನಲ್ಲಿ ಇರೋನಿಗೆ ಮಾರ್ಕೆಟ್ 11 ಪರ್ಸೆಂಟ್ ಬಿದ್ರೆ ಆಗೋದೇ ಇಷ್ಟು, ಆಲ್ಟ್‌ಕಾಯಿನ್, ಅಂದ್ರೆ ಬಿಟ್‌ಕಾಯಿನ್ ಬಿಟ್ಟು ಬೇರೆ ಕಾಯಿನ್ ಹಿಡಿದಿರೋರಿಗೆ ಅಂಥಾ ದಿನ ಹೊಸದೂ ಅಲ್ಲ. ಅಕೌಂಟ್ 2,24,900ರಿಂದ ಸುಮಾರು 2,04,600ಕ್ಕೆ ಬಂತು, ಇನ್ನೂ ಶುರು ಮಾಡಿದ್ದಕ್ಕಿಂತ ಸ್ವಲ್ಪ ಮೇಲೇ ಇದೆ. ಆದ್ರೆ ರೇಶಿಯೋ ನೋಡಿ: ಸರಾಸರಿ 0.12 ಇದ್ದಿದ್ದು 0.03ಕ್ಕೆ ಇಳೀತು, ಸ್ಟ್ಯಾಂಡರ್ಡ್ ಡೀವಿಯೇಷನ್ 0.733 ಇದ್ದಿದ್ದು 1.16 ಆಯ್ತು, ಶಾರ್ಪ್ 3.13ರಿಂದ 0.49, ಸಾರ್ಟಿನೊ 4.19ರಿಂದ 0.54. ನೂರು ದಿನ ಕಷ್ಟಪಟ್ಟು ಕಟ್ಟಿದ ನಂಬರ್ ಒಂದೇ ದಿನದಲ್ಲಿ ಆರನೇ ಒಂದು ಭಾಗಕ್ಕೆ ಬಂತು.

ಯಾಕೆ ಹೀಗೆ ಅಂದ್ರೆ ವರ್ಗ ಮಾಡ್ತೀವಲ್ಲ ಅದಕ್ಕೆ. 1 ಪರ್ಸೆಂಟ್ ನಷ್ಟದ ವರ್ಗ 1, 9 ಪರ್ಸೆಂಟ್ ನಷ್ಟದ ವರ್ಗ 81. ನೂರಾ ಒಂದು ದಿನದ ವರ್ಗಗಳ ಒಟ್ಟು ಮೊತ್ತ 136.2, ಅದರಲ್ಲಿ 81 ಅದೊಂದೇ ದಿನದ್ದು, ಹತ್ತಿರ ಹತ್ತಿರ 60 ಪರ್ಸೆಂಟ್. ಸಾರ್ಟಿನೊದ ಡೌನ್‌ಸೈಡ್ ಲೆಕ್ಕದಲ್ಲಿ ಮೊತ್ತ 111, ಅದರಲ್ಲಿ 81 ಆ ದಿನದ್ದು, ಅಂದ್ರೆ 73 ಪರ್ಸೆಂಟ್. ಇದನ್ನ ಸ್ವಲ್ಪ ನಿಧಾನಕ್ಕೆ ಯೋಚನೆ ಮಾಡಿ. ನೂರಾ ಒಂದು ದಿನದ ಅಳತೆ ಅಂತ ಹೇಳ್ತಿದೀವಿ, ಆದ್ರೆ ಛೇದದ ಮುಕ್ಕಾಲು ಭಾಗ ಒಂದೇ ದಿನದ ಕೈಯಲ್ಲಿದೆ. ಶಾರ್ಪ್‌ಗಿಂತ ಸಾರ್ಟಿನೊ ವಾಸಿ ಅಂತ ಎಲ್ಲರೂ ಹೇಳ್ತಾರೆ, ಯಾವುದನ್ನ ರಿಸ್ಕ್ ಅನ್ಬೇಕು ಅನ್ನೋ ಪ್ರಶ್ನೆಗೆ ಅದು ವಾಸಿನೇ, ಆದ್ರೆ ಅಳತೆಯಾಗಿ ಅದು ಇನ್ನೂ ಬಡಕಲು, ಯಾಕಂದ್ರೆ ಛೇದದಲ್ಲಿ ಲಾಭದ 70 ದಿನನೂ ಬಿಸಾಕಿ ಉಳಿದ ಕೆಲವು ದಿನದ ಮೇಲೆ ನಿಂತಿರುತ್ತೆ.

ಉಲ್ಟಾ ಕಡೆನೂ ನೋಡಿ. ನೂರಾ ಒಂದನೇ ದಿನ ನಷ್ಟ ಆಗೋ ಬದಲು ಯಾವುದೋ ಕಾಯಿನ್ ಹಾರಿ ಅಕೌಂಟ್ 15 ಪರ್ಸೆಂಟ್ ಏರಿತು ಅಂತ ಇಟ್ಕೊಳ್ಳಿ. ಶಾರ್ಪ್ 3.13ರಿಂದ 3.11 ಆಗುತ್ತೆ, ಇಷ್ಟು ಒಳ್ಳೇ ದಿನ ಬಂದ್ರೂ ಕೂದಲೆಳೆಯಷ್ಟು ಕಮ್ಮಿನೇ ಆಯ್ತು, ಸಾರ್ಟಿನೊದೋರು ಹೇಳೋ ತಕರಾರು ಇದೇ. ಆದ್ರೆ ಅದೇ ಸಾರ್ಟಿನೊ 4.19ರಿಂದ 9.37ಕ್ಕೆ ಹಾರುತ್ತೆ. ಒಂದು ಅದೃಷ್ಟದ ದಿನ ಮೇಲಿನ ಸರಾಸರಿಯನ್ನ ಎರಡರಷ್ಟಕ್ಕಿಂತ ಜಾಸ್ತಿ ಮಾಡ್ತು, ಕೆಳಗಿನ ಛೇದ ಅಲುಗಾಡಲೇ ಇಲ್ಲ. ಅವನ ಟ್ರೇಡಿಂಗ್ ರಾತ್ರೋರಾತ್ರಿ ಎರಡರಷ್ಟು ಚೆನ್ನಾಗಿ ಆಯ್ತಾ? ಇಲ್ಲ. ಅಷ್ಟೇ ಅಲ್ಲ, ಒಂದು ದಿನದಲ್ಲಿ 15 ಪರ್ಸೆಂಟ್ ಏರೋ ಪೊಸಿಷನ್ ಒಂದು ದಿನದಲ್ಲಿ 15 ಪರ್ಸೆಂಟ್ ಬೀಳೋ ಪೊಸಿಷನ್ನೂ ಹೌದು, ಅಂದ್ರೆ ಮೇಲಿನ ಜಿಗಿತದಲ್ಲೂ ರಿಸ್ಕಿನ ಸುಳಿವು ಇತ್ತು, ಸಾರ್ಟಿನೊ ಅದನ್ನ ಒರೆಸಿ ಹಾಕ್ತು. ಕೆಲವೇ ತಿಂಗಳ ಕ್ರಿಪ್ಟೊ ಅಕೌಂಟಲ್ಲಿ ಶಾರ್ಪ್‌ಗಿಂತ ಸಾರ್ಟಿನೊ ಮೂರು ಪಟ್ಟು ಇದ್ರೆ ನಾನು ಖುಷಿ ಪಡಲ್ಲ, ಆ ಒಂದು ದೊಡ್ಡ ಹಸಿರು ದಿನ ಯಾವುದು ಅಂತ ಮೊದ್ಲು ಹುಡುಕ್ತೀನಿ.

ಈಗ ಫ್ಯಾಟ್ ಟೇಲ್ ವಿಷ್ಯ, ಅಂದ್ರೆ ದಪ್ಪ ಬಾಲ, ತುಂಬಾ ದೊಡ್ಡ ಏರಿಳಿತಗಳು ನಾರ್ಮಲ್ ಕರ್ವ್ ಹೇಳೋದಕ್ಕಿಂತ ಜಾಸ್ತಿ ಸಲ ಬರೋದು. ನೂರು ದಿನದ ಸ್ಟ್ಯಾಂಡರ್ಡ್ ಡೀವಿಯೇಷನ್ 0.733 ಇದ್ದಾಗ 9 ಪರ್ಸೆಂಟ್ ಕುಸಿತ ಅಂದ್ರೆ 12 ಸಿಗ್ಮಾಕ್ಕಿಂತ ಜಾಸ್ತಿ, ಸ್ಟ್ಯಾಂಡರ್ಡ್ ಡೀವಿಯೇಷನ್‌ನ 12 ಪಟ್ಟು ಮೀರಿದ್ದು. ಗಂಟೆ ಆಕಾರದ ನಾರ್ಮಲ್ ಕರ್ವ್ ನಂಬೋದಾದ್ರೆ 5 ಸಿಗ್ಮಾ ಕುಸಿತನೇ 35 ಲಕ್ಷ ದಿನಕ್ಕೆ ಒಂದು ಸಲ, ಅಂದ್ರೆ ಸುಮಾರು 9,500 ವರ್ಷಕ್ಕೆ ಒಂದು ಸಲ ಬರಬೇಕು. 12 ಸಿಗ್ಮಾ ಬಗ್ಗೆ ಮಾತಾಡೋದೇ ಬೇಡ. ಆದ್ರೆ ಮಾರ್ಕೆಟಲ್ಲಿ ಇಂಥಾ ದಿನ ನಾವೆಲ್ಲ ನೋಡೇ ಇದೀವಿ. 2020ರ ಮಾರ್ಚ್ 12ರಂದು ಬಿಟ್‌ಕಾಯಿನ್ ಒಂದೇ ದಿನದಲ್ಲಿ ಎಕ್ಸ್‌ಚೇಂಜ್ ನೋಡ್ಕೊಂಡು 37ರಿಂದ 40 ಪರ್ಸೆಂಟ್ ಬಿತ್ತು, 2022ರ ಮೇ ತಿಂಗಳಲ್ಲಿ ಲೂನಾ ಒಂದು ವಾರದೊಳಗೆ ಹತ್ತಿರ ಹತ್ತಿರ ಸೊನ್ನೆಗೆ ಬಂತು.

ನಾರ್ಮಲ್ ಕರ್ವಿಗೂ ದಪ್ಪ ಬಾಲಕ್ಕೂ ವ್ಯತ್ಯಾಸ ಏನು ಅನ್ನೋದು ಒಂದು ಪ್ರಶ್ನೆಯಲ್ಲಿ ಗೊತ್ತಾಗುತ್ತೆ: ಎರಡರಷ್ಟು ದೊಡ್ಡ ಕುಸಿತ ಎಷ್ಟು ಅಪರೂಪ? ನಾರ್ಮಲ್ ಕರ್ವಲ್ಲಿ 3 ಸಿಗ್ಮಾ ಕುಸಿತ ಸುಮಾರು 740 ದಿನಕ್ಕೊಂದು, 6 ಸಿಗ್ಮಾ 100 ಕೋಟಿ ದಿನಕ್ಕೊಂದು, ಅಂದ್ರೆ ಗಾತ್ರ ಎರಡರಷ್ಟಾದ್ರೆ ಸಾಧ್ಯತೆ ಸತ್ತೇ ಹೋಗುತ್ತೆ. ಷೇರು ಮತ್ತೆ ಕ್ರಿಪ್ಟೊ ಎರಡರಲ್ಲೂ ದೊಡ್ಡ ಏರಿಳಿತಗಳು ಹೆಚ್ಚುಕಮ್ಮಿ ಘಾತ 3 ಇರೋ ಪವರ್ ಲಾ ಥರ ನಡ್ಕೊಳ್ಳುತ್ತೆ, ಅದರಲ್ಲಿ ಗಾತ್ರ ಎರಡರಷ್ಟಾದ್ರೆ ಅಪರೂಪ ಎಂಟರಷ್ಟು ಮಾತ್ರ. 10 ಪರ್ಸೆಂಟ್ ಕುಸಿತ ವರ್ಷಕ್ಕೊಂದು ಬರ್ತಿದ್ರೆ 20 ಪರ್ಸೆಂಟ್ ಕುಸಿತ ಎಂಟು ವರ್ಷಕ್ಕೊಂದು. ಇಂಥಾ ಕಡೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನೋದು ಇದ್ದೇ ಇರುತ್ತೆ, ಆದ್ರೆ ಡೇಟಾ ಸೇರಿಸ್ತಾ ಹೋದ ಹಾಗೆ ಅದು ಒಂದು ಕಡೆ ನಿಧಾನಕ್ಕೆ ನೆಲೆ ನಿಲ್ಲಲ್ಲ, ತಿಂಗಳುಗಟ್ಟಲೆ ಕೆಳಗಿಳಿದು ಇಳಿದು ಒಂದು ದಿನ ಪಟ್ ಅಂತ ಮೇಲಕ್ಕೆ ಹಾರುತ್ತೆ. ಕೆಆರ್‌ಎಸ್ ಗೇಟುಗಳನ್ನ ದಿನದ ಸರಾಸರಿ ಒಳಹರಿವು ನೋಡಿ ಕಟ್ಟಲ್ಲ, ದೊಡ್ಡ ಪ್ರವಾಹ ಬಂದ ದಿನ ಎಷ್ಟು ನೀರು ಬಿಡ್ಬೇಕಾಗುತ್ತೆ ಅಂತ ನೋಡಿ ಕಟ್ತಾರೆ, ಬೇಸಿಗೆಯ ನೂರು ದಿನದ ರೀಡಿಂಗ್ ಅದಕ್ಕೆ ಉತ್ತರ ಕೊಡಲ್ಲ.

"ಹಾಗಾದ್ರೆ ಕರ್ಟೋಸಿಸ್ ನೋಡಿದ್ರೆ ಆಯ್ತಲ್ಲ, ಬಾಲ ದಪ್ಪ ಇದ್ಯೋ ಇಲ್ವೋ ಅದೇ ಹೇಳುತ್ತಲ್ಲ" ಅಂತ ಸ್ಟಾಟಿಸ್ಟಿಕ್ಸ್ ಓದಿರೋರು ಕೇಳ್ಬೋದು. ನಮ್ಮ ಉದಾಹರಣೆಯಲ್ಲೇ ಹಾಕಿ ನೋಡೋಣ. ನಾರ್ಮಲ್ ಕರ್ವಿನ ಕರ್ಟೋಸಿಸ್ 3. ಮೊದಲ ನೂರು ದಿನದ ಕರ್ಟೋಸಿಸ್ 1.76, ಅಂದ್ರೆ ನಾರ್ಮಲ್‌ಗಿಂತ ತೆಳ್ಳಗಿನ ಬಾಲ, ಇನ್ನೂ ಸೇಫ್ ಅಂತ ಹೇಳ್ತಿದೆ! ಆ 9 ಪರ್ಸೆಂಟ್ ದಿನ ಸೇರಿಸಿದ ಮೇಲೆ 36. ಬಾಲ ಅಳೆಯೋ ಅಳತೆನೂ ಬಾಲ ಬಂದು ಹೊಡೆದ ಮೇಲೇನೇ ಹೇಳೋದು. ಅದೇ ಅಕೌಂಟು, ಅದೇ ಟ್ರೇಡಿಂಗ್ ರೀತಿ, ಅದೇ ರಿಸ್ಕು, ನೂರನೇ ದಿನಕ್ಕೂ ನೂರಾ ಒಂದನೇ ದಿನಕ್ಕೂ ಮಧ್ಯೆ ಬದಲಾಗಿದ್ದು ನಮಗೆ ಗೊತ್ತಿರೋದು ಮಾತ್ರ. (ಪಾಂಡಾಸ್‌ನಲ್ಲಿ `r.kurt()` ಹಾಕಿದ್ರೆ ಅದು 3 ಕಳೆದು ತೋರಿಸುತ್ತೆ, ನಾರ್ಮಲ್‌ಗೆ ಸೊನ್ನೆ ಬರುತ್ತೆ, ಅದು ನೆನಪಿರ್ಲಿ.)

ಬಾಲದ ವಿಷ್ಯ ಪಕ್ಕಕ್ಕಿಟ್ರೂ ನೂರು ದಿನ ಸಾಕಾಗಲ್ಲ. ಆಂಡ್ರೂ ಲೋ 2002ರಲ್ಲಿ ಶಾರ್ಪ್ ರೇಶಿಯೋದಲ್ಲಿ ಎಷ್ಟು ಅನಿಶ್ಚಿತತೆ ಇರುತ್ತೆ ಅಂತ ಲೆಕ್ಕ ಹಾಕಿ ಬರೆದಿದಾರೆ, ಅದರಿಂದ ಒಂದು ಸುಲಭದ ಅಂದಾಜು ಸಿಗುತ್ತೆ: ವರ್ಷದ ಶಾರ್ಪ್‌ನ ಸ್ಟ್ಯಾಂಡರ್ಡ್ ಎರರ್ ಅಂದ್ರೆ 1 ಭಾಗಿಸು ವರ್ಷಗಳ ವರ್ಗಮೂಲ. ನೂರು ದಿನ ಅಂದ್ರೆ 0.274 ವರ್ಷ, ಎರರ್ ಸುಮಾರು 1.9. ಹಾಗಾದ್ರೆ 3.13 ಅನ್ನೋದು 95 ಪರ್ಸೆಂಟ್ ನಂಬಿಕೆಯಲ್ಲಿ ಮೈನಸ್ 0.6ರಿಂದ 6.9ರ ತನಕ ಎಲ್ಲಿ ಬೇಕಾದ್ರೂ ಇರಬಹುದು, ಸೊನ್ನೆನೂ ಅದರೊಳಗೇ ಇದೆ. ಇದು ದಿನದ ರಿಟರ್ನ್‌ಗಳು ಒಳ್ಳೇ ನಡತೆಯವು, ಒಂದಕ್ಕೊಂದು ಸಂಬಂಧ ಇಲ್ಲ ಅಂತ ಇಟ್ಕೊಂಡಾಗ. ನಷ್ಟದ ಕಡೆ ಬಾಲ ಉದ್ದ ಇದ್ರೆ ಈ ಎರರ್ ಇನ್ನೂ ಅಗಲ ಆಗುತ್ತೆ, ಒಂದು ಕೆಟ್ಟ ದಿನದ ಹಿಂದೆ ಇನ್ನೊಂದು ಬರೋ ಅಭ್ಯಾಸ ಇದ್ರೆ 365ರ ವರ್ಗಮೂಲದಿಂದ ಗುಣಿಸೋದೂ ಸರಿಯಾಗಲ್ಲ, ಲೂನಾ ಬಿದ್ದಿದ್ದು ಒಂದು ದಿನದಲ್ಲಿ ಅಲ್ಲ, ದಿನದ ಮೇಲೆ ದಿನ. ಅಂದ ಹಾಗೆ ವಿಲಿಯಂ ಶಾರ್ಪ್ 1966ರಲ್ಲಿ ಈ ರೇಶಿಯೋ ಬಳಸಿದ್ದು 34 ಮ್ಯೂಚುವಲ್ ಫಂಡ್‌ಗಳ ಹತ್ತು ವರ್ಷದ ವಾರ್ಷಿಕ ರಿಟರ್ನ್‌ಗಳ ಮೇಲೆ, ನೂರಾರು ಷೇರು ಹಿಡಿದಿರೋ ಫಂಡ್‌ಗಳನ್ನ ಒಂದರ ಪಕ್ಕ ಒಂದು ಇಟ್ಟು ಹೋಲಿಸಕ್ಕೆ. ನಾಲ್ಕು ಕಾಯಿನ್ ಇರೋ ಅಕೌಂಟಿನ ಮೂರು ತಿಂಗಳ ದಿನಲೆಕ್ಕ ಹಿಡಿದು 19ರಿಂದ ಗುಣಿಸೋ ಕೆಲಸ ನಾವು ಆಮೇಲೆ ಕಲ್ತಿದ್ದು.

ದಿನಕ್ಕೊಂದು ಸಲ ನೋಡೋದ್ರಲ್ಲಿ ಇನ್ನೊಂದು ಕುರುಡು ಇದೆ. ಅದೇ 2020ರ ಮಾರ್ಚ್ 13, ನಮ್ಮ ಬೆಳಗ್ಗೆ 5:30ಕ್ಕೆ ಬಿಟ್‌ಕಾಯಿನ್ 5,000 ಡಾಲರ್ ಆಸುಪಾಸಲ್ಲಿ ಇತ್ತು, ಆಮೇಲೆ ಕೆಲವು ಎಕ್ಸ್‌ಚೇಂಜುಗಳಲ್ಲಿ 4,000ಕ್ಕಿಂತ ಕೆಳಗೆ ಹೋಯ್ತು, ಮಾರನೇ ಬೆಳಗ್ಗೆ 5:30ರ ಹೊತ್ತಿಗೆ 5,500ರ ಮೇಲೆ ಬಂದಿತ್ತು. ದಿನದ ಲೆಕ್ಕದಲ್ಲಿ ಅದು ಹತ್ತು ಪರ್ಸೆಂಟ್‌ಗೂ ಹೆಚ್ಚು ಲಾಭದ ದಿನ, ಸಾರ್ಟಿನೊಗೆ ಆ ದಿನ ಕಣ್ಣಿಗೇ ಬೀಳಲ್ಲ. ಆದ್ರೆ ಅವತ್ತು ಬೆಳಗ್ಗೆ ಐದು ಪಟ್ಟು ಲೆವರೇಜ್ ಇಟ್ಕೊಂಡು ಲಾಂಗ್ ಕೂತಿದ್ದೋರು ಮಧ್ಯದಲ್ಲೇ ಲಿಕ್ವಿಡೇಟ್ ಆಗಿ ಹೋದ್ರು, ಆಮೇಲೆ ರೇಟ್ ಎದ್ದಿದ್ದು ಅವರಿಗೆ ಬರಲಿಲ್ಲ. ಲೆವರೇಜ್ ಇರೋ ಅಕೌಂಟಿಗೆ ದಿನದ ಕೊನೆಯ ಈಕ್ವಿಟಿ ಜೊತೆ ಆ ದಿನದ ಕನಿಷ್ಠ ಈಕ್ವಿಟಿನೂ ಬರೆದಿಡಲೇಬೇಕು. ದುಡ್ಡು ಹೋಗೋ ಅಂಚಿಗೆ ಎಷ್ಟು ಹತ್ತಿರ ಹೋಗಿ ವಾಪಸ್ ಬಂದೆ ಅನ್ನೋದು ಅದರಲ್ಲಿ ಮಾತ್ರ ಕಾಣೋದು.

ಟ್ಯಾಕ್ಸ್ ಬಗ್ಗೆ ಎರಡು ಮಾತು. ನಮ್ಮಲ್ಲಿ ಕ್ರಿಪ್ಟೊ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಪರ್ಸೆಂಟ್ ತೆರಿಗೆ ಇದೆ, ಒಂದು ಕಾಯಿನ್‌ನ ನಷ್ಟನ ಇನ್ನೊಂದರ ಲಾಭದಲ್ಲಿ ಕಳೆಯಂಗಿಲ್ಲ. ಈ ಅಕೌಂಟಲ್ಲಿ ಲಾಭ ಎಲ್ಲಾ ಒಂದು ಕಾಯಿನ್ನಿಂದ, ನಷ್ಟ ಎಲ್ಲಾ ಇನ್ನೊಂದರಿಂದ, ಎಲ್ಲವನ್ನೂ ಮಾರಿ ಮುಗಿಸಿದಾನೆ ಅಂತ ಇಟ್ಕೊಂಡ್ರೆ 42ರ ಮೇಲೆ 30 ಪರ್ಸೆಂಟ್ ಅಂದ್ರೆ 12.6, ಉಳಿದಿರೋ ಲಾಭ 12. ಈಕ್ವಿಟಿ ಗ್ರಾಫಲ್ಲಿ ಇದು ಎಲ್ಲೂ ಕಾಣಲ್ಲ, 3.1 ಅನ್ನೋದು ತೆರಿಗೆ ಕಟ್ಟೋ ಮುಂಚಿನ ನಂಬರ್.

ಈಗ ಕೆಲಸಕ್ಕೆ ಬರೋ ಭಾಗ. ಅಕೌಂಟಿನ ಹಳೇ ದಿನಗಳಲ್ಲಿ ಬಾಲ ಇಲ್ಲ ಅಂದ್ರೆ ಬೇರೆ ಕಡೆಯಿಂದ ತರ್ಬೇಕು, ಅಂದ್ರೆ ಕಾಯಿನ್‌ನ ಚರಿತ್ರೆಯಿಂದ. ಮೊದಲು ಇರೋ ಡೇಟಾ ಎಷ್ಟು ದಿನಗಳ ಮೇಲೆ ನಿಂತಿದೆ ಅಂತ ನೋಡ್ಕೊಳ್ಳಿ:

```python
w = r ** 2
print((w / w.sum()).nlargest(5))

rest = r.drop([r.idxmax(), r.idxmin()])
print(rest.mean() / rest.std(ddof=0) * np.sqrt(365))
```

ಮೊದಲ ಸಾಲುಗಳು ಅತಿ ದೊಡ್ಡ ಐದು ದಿನ ಒಟ್ಟು ಅಲ್ಲಾಟದಲ್ಲಿ ಎಷ್ಟು ಪಾಲು ಹೊತ್ತಿವೆ ಅಂತ ತೋರಿಸುತ್ತೆ, ಎರಡನೇದು ಅತಿ ಒಳ್ಳೇ ದಿನ ಅತಿ ಕೆಟ್ಟ ದಿನ ಎರಡನ್ನೂ ತೆಗೆದು ಶಾರ್ಪ್ ಎಷ್ಟು ಅಂತ. ಒಂದೇ ದಿನದ ಪಾಲು 30, 40 ಪರ್ಸೆಂಟ್ ಇದ್ರೆ ಆ ಶಾರ್ಪ್‌ನ ಒಂದು ನಂಬರ್ ಅಂತ ಹೇಳ್ಕೊಂಡು ತಿರುಗೋದು ನನಗೆ ಸರಿ ಕಾಣಲ್ಲ. ಮೊದಲ ನೂರು ದಿನದ ಹಾಗೆ ಎಲ್ಲಾ ದಿನನೂ ಹೆಚ್ಚುಕಮ್ಮಿ ಸಮ ಇದ್ರೆ ಅದು ಅಕೌಂಟ್ ಗಟ್ಟಿ ಇದೆ ಅಂತಲ್ಲ, ಬಾಲ ಇನ್ನೂ ಬಂದಿಲ್ಲ ಅಂತ.

ಆಮೇಲೆ ಪೊಸಿಷನ್ ನೋಡಿ ಆ ದಿನನ ನಾವೇ ಕಟ್ಟೋದು. ಹುಡುಗನ 80 ಪರ್ಸೆಂಟ್ ದುಡ್ಡು ಕಾಯಿನ್‌ನಲ್ಲಿದೆ, 2020ರ ಮಾರ್ಚ್ 12ರ ಥರ ಮಾರ್ಕೆಟ್ 40 ಪರ್ಸೆಂಟ್ ಬಿದ್ರೆ ಅಕೌಂಟಿಗೆ ಮೈನಸ್ 32. ಇದೂ ಕಮ್ಮಿ ಅಂದಾಜೇ, ಯಾಕಂದ್ರೆ ಅವನು ಬಿದ್ದಾಗ ಕೊಳ್ಳೋನು, ಕುಸಿತದ ಮಧ್ಯದಲ್ಲಿ ಉಳಿದ ಯುಎಸ್‌ಡಿಟಿನೂ ಹಾಕಿ ಬಿಟ್ಟಿರ್ತಾನೆ, ಆಲ್ಟ್‌ಕಾಯಿನ್‌ಗಳು ಅಂಥಾ ದಿನ ಬಿಟ್‌ಕಾಯಿನ್‌ಗಿಂತ ಜಾಸ್ತಿ ಬೀಳೋದೂ ಉಂಟು. ಇರ್ಲಿ, 32 ಅಂತಲೇ ಇಟ್ಕೊಳ್ಳೋಣ. ಅವನ ಅಕೌಂಟ್ ಮಾಮೂಲಿ ದಿನಗಳಲ್ಲಿ ದಿನಕ್ಕೆ 0.12 ಪರ್ಸೆಂಟ್ ದುಡಿಯುತ್ತೆ. ಚಕ್ರಬಡ್ಡಿ ಲೆಕ್ಕದಲ್ಲಿ ಹಾಕಿದ್ರೆ ಅದು ದಿನಕ್ಕೆ 0.1173 ಪರ್ಸೆಂಟ್ ಆಗುತ್ತೆ, ಆ ಒಂದು ದಿನ ಕಿತ್ಕೊಂಡಿದ್ದನ್ನ ವಾಪಸ್ ತುಂಬಕ್ಕೆ ಇಂಥಾ ಮಾಮೂಲಿ ದಿನಗಳು ಸುಮಾರು 329 ಬೇಕು. ಅಂದ್ರೆ ಅಂಥಾ ಕುಸಿತ 329 ದಿನಕ್ಕಿಂತ ಬೇಗ ಬೇಗ ಬರೋದಾದ್ರೆ ಅವನ ರೀತಿ ನಷ್ಟದ್ದು, ಅದಕ್ಕಿಂತ ಅಪರೂಪ ಆದ್ರೆ ಲಾಭದ್ದು. ಇಡೀ ಪ್ರಶ್ನೆ ಈ ಒಂದು ಕಡೆಗೆ ಬಂದು ನಿಲ್ಲುತ್ತೆ, ಶಾರ್ಪ್ 3.1 ಅದರ ಬಗ್ಗೆ ಒಂದಕ್ಷರ ಹೇಳಿಲ್ಲ.

ನೂರು ದಿನ ಬರಲಿಲ್ವಲ್ಲ, ಅದು ಸಾಕ್ಷಿ ಅಲ್ವಾ ಅಂದ್ರೆ, ಸ್ವಲ್ಪ ಸಾಕ್ಷಿ, ತುಂಬಾ ಸ್ವಲ್ಪ. ದಿನಕ್ಕೆ 329ರಲ್ಲಿ ಒಂದು ಸಾಧ್ಯತೆ ಇದೆ ಅಂತ ಇಟ್ಕೊಳ್ಳಿ, ಆಗ ಅವನ ಟ್ರೇಡಿಂಗ್‌ಗೆ ದೀರ್ಘಕಾಲದಲ್ಲಿ ಒಂದು ರೂಪಾಯಿ ಲಾಭನೂ ಇಲ್ಲ, ಹೆಚ್ಚುಕಮ್ಮಿ ಸೊನ್ನೆ. ಆದ್ರೂ ನೂರು ದಿನ ಆ ಕುಸಿತ ಬರದೇ ಹೋಗೋ ಸಾಧ್ಯತೆ 328/329 ಅನ್ನೋದನ್ನ ನೂರು ಸಲ ಗುಣಿಸಿದ್ರೆ ಸಿಗುತ್ತೆ, 0.74. ಇಂಥಾ ಸೊನ್ನೆ ಲಾಭದ ರೀತಿನ ನೂರು ಜನ ಬೇರೆ ಬೇರೆ ಕಾಲದಲ್ಲಿ ನೂರು ನೂರು ದಿನ ಮಾಡಿದ್ರೆ ಅವರಲ್ಲಿ 74 ಜನರ ಹತ್ರ ಇಂಥದೇ ಸ್ಕ್ರೀನ್‌ಶಾಟ್ ಇರುತ್ತೆ, ಶಾರ್ಪ್ ಮೂರರ ಆಸುಪಾಸು, ಸಾರ್ಟಿನೊ ನಾಲ್ಕರ ಆಸುಪಾಸು.

ಎಷ್ಟು ದಿನ ಆದ್ರೆ ನಂಬಬಹುದು ಅನ್ನೋದಕ್ಕೆ ಒಂದು ಸುಲಭದ ಸೂತ್ರ ಇದೆ: N ದಿನದಲ್ಲಿ ಒಂದು ಸಲನೂ ಆಗದೇ ಇದ್ರೆ, 95 ಪರ್ಸೆಂಟ್ ನಂಬಿಕೆಯಲ್ಲಿ ಅದರ ದಿನದ ಸಾಧ್ಯತೆ 3/N ಒಳಗೆ ಇದೆ ಅಂತ ಹೇಳ್ಬೋದು. ನೂರು ದಿನಕ್ಕೆ 3 ಪರ್ಸೆಂಟ್, ಅಂದ್ರೆ 33 ದಿನಕ್ಕೊಂದು ಸಲ ಬರುತ್ತೆ ಅಂದ್ರೂ ಈ ಡೇಟಾ ಅದನ್ನ ಪೂರ್ತಿ ತಳ್ಳಿಹಾಕಲ್ಲ. 329 ದಿನಕ್ಕಿಂತ ಅಪರೂಪ ಅಂತ ಅಕೌಂಟಿನ ಡೇಟಾದಿಂದ ಮಾತ್ರ ಹೇಳ್ಬೇಕು ಅಂದ್ರೆ ಅದರ ಮೂರರಷ್ಟು, 987 ದಿನ ಕುಸಿತ ಇಲ್ಲದೆ ಕಳೀಬೇಕು, ಎರಡು ವರ್ಷ ಎಂಟು ತಿಂಗಳಿಗಿಂತ ಜಾಸ್ತಿ. ಅಷ್ಟು ಕಾಯಕ್ಕೆ ಆಗಲ್ಲ ಅನ್ನೋರಿಗೆ ಬಿಟ್‌ಕಾಯಿನ್‌ನ ಹತ್ತು ವರ್ಷಕ್ಕಿಂತ ಹೆಚ್ಚಿನ ದಿನದ ರೇಟ್ ಫ್ರೀಯಾಗಿ ಸಿಗುತ್ತೆ, ಅದರಲ್ಲಿ 10, 20, 30 ಪರ್ಸೆಂಟ್ ಕುಸಿತಗಳು ಎಷ್ಟು ಸಲ ಬಂದಿವೆ ಅಂತ ಎಣಿಸಿ, ಒಂದೊಂದನ್ನೂ ತನ್ನ ಪೊಸಿಷನ್ ಪಾಲಿನಿಂದ ಗುಣಿಸಿ ಮೇಲಿನ ಥರ ಎಷ್ಟು ದಿನದ ದುಡಿಮೆ ತಿನ್ನುತ್ತೆ ಅಂತ ನೋಡ್ಬೋದು.

ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ, ದುಡ್ಡು ಎಷ್ಟು ಹಾಕ್ಬೇಕು ಅನ್ನೋದನ್ನ ಮೈನಸ್ 32ರಿಂದ ಶುರು ಮಾಡು ಕಣೋ ಅಂತ. ನಾಳೆ ಬೆಳಗ್ಗೆ 5:30ಕ್ಕೆ ಆ ನಂಬರ್ ಕಂಡ್ರೆ ಮನೆ ಬಾಡಿಗೆ, ಬೈಕ್ ಇಎಂಐ, ಅಪ್ಪನಿಗೆ ಕಳಿಸೋ ದುಡ್ಡು ಯಾವುದೂ ನಿಲ್ಲಬಾರದು, ಅಷ್ಟಕ್ಕೆ ಪೊಸಿಷನ್ ಇಳಿಸ್ಕೋ. ಅವನು 80 ಪರ್ಸೆಂಟ್ ಇದ್ದಿದ್ದನ್ನ 40ಕ್ಕೆ ಇಳಿಸಿದ್ರೆ ದಿನದ ಸರಾಸರಿನೂ ಅರ್ಧ ಆಗುತ್ತೆ, ಅಲ್ಲಾಟನೂ ಅರ್ಧ ಆಗುತ್ತೆ, ಹಾಗಾಗಿ ಶಾರ್ಪ್ ಸಾರ್ಟಿನೊ ಎರಡೂ ಇದ್ದಲ್ಲೇ ಇರುತ್ತೆ, 3.1 ಮತ್ತೆ 4.2. ಕೆಟ್ಟ ದಿನದ ನಷ್ಟ ಮಾತ್ರ 32ರಿಂದ 16ಕ್ಕೆ ಬರುತ್ತೆ, ಅದನ್ನ ತುಂಬಿಕೊಳ್ಳಕ್ಕೆ ಬೇಕಾದ ಏರಿಕೆ 47 ಪರ್ಸೆಂಟ್‌ನಿಂದ 19ಕ್ಕೆ ಇಳಿಯುತ್ತೆ.